ಷರಾ ಬರೆದ ರಿಜಿಸ್ಟ್ರಾರ್

ನಾನು ತಾಲ್ಲೂಕು ಆಫೀಸಿನಲ್ಲಿ 29 ವರ್ಷ ಕೆಲಸ ಮಾಡಿದವನು. ಅದರಲ್ಲಿ ಜಾಸ್ತಿ ಕಾಲ ರೆಕಾರ್ಡ್ ರೂಮಿನಲ್ಲೇ ಕಳೆಯಿತು. ಸೇರಿದ ಮೊದಲ ವಾರ ಶಿರಸ್ತೇದಾರರು ಒಂದು ಮಾತು ಹೇಳಿದ್ದರು. "ನೋಡಪ್ಪ, ಯಾವ ಕಾಲಮ್ಮನ್ನೂ ಖಾಲಿ ಬಿಡಬೇಡ. ಗೊತ್ತಿಲ್ಲದಿದ್ದರೆ ಗೆರೆ ಎಳಿ. ಖಾಲಿ ಬಿಟ್ಟರೆ ನಾಳೆ ಇನ್ಯಾರೋ ತಮಗೆ ಬೇಕಾದ್ದು ತುಂಬಿಸ್ತಾರೆ." ಆ ಮಾತನ್ನು ನಿವೃತ್ತಿ ಆಗುವವರೆಗೂ ಪಾಲಿಸಿದೆ.

ಹೋದ ವರ್ಷ ಮಗಳ ಮನೆಗೆ ಅಂತ ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್‌ಗೆ ಹೋಗಿ ನಾಲ್ಕು ತಿಂಗಳು ಇದ್ದೆ. ಅವಳು ಕೆಲಸಕ್ಕೆ ಹೋದ ಮೇಲೆ ಲೈಬ್ರರಿಗೆ ಹೋಗಿ ಕೂರುತ್ತಿದ್ದೆ. ಅಲ್ಲಿ ಓದಿದ ಒಂದು ಕಾಗದ ಇವತ್ತಿಗೂ ತಲೆಯಿಂದ ಹೋಗಿಲ್ಲ.

ಅದು 1924ರ ಏಪ್ರಿಲ್ 30ರ ಪತ್ರ. ಬರೆದವರು ವಾಲ್ಟರ್ ಪ್ಲೆಕರ್. ವೃತ್ತಿಯಿಂದ ಡಾಕ್ಟರ್. 1912ರಿಂದ 1946ರವರೆಗೆ ಇಡೀ ವರ್ಜೀನಿಯಾದ ಜನನ, ಮರಣ, ಮದುವೆ ದಾಖಲೆಗಳ ರಿಜಿಸ್ಟ್ರಾರ್. ಪತ್ರ ಹೋಗಿದ್ದು ಲಿಂಚ್‌ಬರ್ಗ್ ಊರಿನ ಒಬ್ಬ ತಾಯಿಗೆ. ಸೂಲಗಿತ್ತಿ ಮಗುವನ್ನು ಬಿಳಿ ಅಂತ ಬರೆಸಿದ್ದಳು. ಮಗುವಿನ ಅಪ್ಪ ಕಪ್ಪು ಜನಾಂಗದವನು ಅಂತ ಊರಿನ ಆರೋಗ್ಯ ಇಲಾಖೆಯಿಂದ ಪ್ಲೆಕರ್‌ಗೆ ಸುದ್ದಿ ಬಂತು. ಅಷ್ಟೇ ಸಾಕಾಯಿತು. ಇದು ಮುಲಾಟೊ, ಅಂದರೆ ಕಪ್ಪು ಬಿಳಿ ಎರಡೂ ಬೆರೆತ ಮಗು, ಬಿಳಿ ಮಗು ಅಂತ ನೀನು ಸಾಗಿಸೋ ಹಾಗಿಲ್ಲ, ಇದು ಬಿಳಿಯರ ಶಾಲೆಗೆ ಹೋಗುವಂತಿಲ್ಲ, ವರ್ಜೀನಿಯಾದಲ್ಲಿ ಯಾವತ್ತೂ ಬಿಳಿಯರನ್ನು ಮದುವೆ ಆಗುವಂತಿಲ್ಲ ಅಂತ ಆ ತಾಯಿಗೆ ಬರೆದರು. ಕೊನೆಗೆ "ಇದು ಭಯಂಕರ ವಿಷಯ" ಅಂತ ಒಂದು ಸಾಲು.

ಹೆರಿಗೆಯಾದ ಹೆಣ್ಣುಮಗಳಿಗೆ ಒಬ್ಬ ರಿಜಿಸ್ಟ್ರಾರ್ ಬರೆದ ಪತ್ರ ಇದು! ನಾನು ಅಂಥದ್ದೇ ದಾಖಲೆಗಳ ಮಧ್ಯೆ ಬದುಕಿದವನು. ಓದಿ ಹೊಟ್ಟೆ ತೊಳಸಿದ ಹಾಗಾಯಿತು.

ಆ ಪತ್ರದ ಹಿಂದಿದ್ದ ಕಾನೂನಿಗೆ ಸಹಿ ಬಿದ್ದಿದ್ದು ಅದೇ ವರ್ಷ ಮಾರ್ಚ್ 20ರಂದು. ಹೆಸರು ರೇಷಿಯಲ್ ಇಂಟೆಗ್ರಿಟಿ ಆಕ್ಟ್. ಜನಾಂಗದ ಶುದ್ಧಿ ಕಾಯುವ ಕಾನೂನು ಅಂತ ಅದರ ಭಾವ. ಬಿಳಿಯರಲ್ಲದ ಯಾವುದೇ ರಕ್ತದ ಸುಳಿವೂ ಇಲ್ಲದವರು ಮಾತ್ರ ಬಿಳಿಯರು ಅಂತ ಅದು ಹೇಳಿತು. ಎರಡು ಗುಂಪಿನವರಿಗೆ ಹುಟ್ಟಿದ ಮಗುವನ್ನು ಸಮಾಜ ಕೀಳು ಅಂತ ಕಾಣುವ ಗುಂಪಿಗೇ ಸೇರಿಸುವ ಪದ್ಧತಿಯನ್ನು ಸಮಾಜಶಾಸ್ತ್ರದವರು ಹೈಪೋಡಿಸೆಂಟ್ ಅನ್ನುತ್ತಾರೆ. ಅಮೆರಿಕದ ಜನ ಬಳಸುವ ಮಾತು ಇನ್ನೂ ಸರಳ, 'ಒಂದು ಹನಿ ನಿಯಮ'. ಒಂದೇ ಒಂದು ಹನಿ ಆಫ್ರಿಕನ್ ರಕ್ತ ಇದ್ದರೂ ನೀನು ಕಪ್ಪು.

ಇದು ಹಳೇ ಕಾಲದಿಂದ ಹಾಗೇ ನಡೆದು ಬಂದದ್ದು ಅಂದುಕೊಂಡಿದ್ದೆ. ಹಾಗೇನೂ ಇಲ್ಲ. ವರ್ಜೀನಿಯಾದಲ್ಲಿ 1785ರ ಕಾನೂನಿನ ಪ್ರಕಾರ ಕಾಲು ಭಾಗ ಕಪ್ಪು ರಕ್ತ ಇದ್ದರೆ ಮುಲಾಟೊ. 1910ರಲ್ಲಿ ಅದನ್ನು ಹದಿನಾರನೇ ಒಂದು ಭಾಗಕ್ಕೆ ಇಳಿಸಿದರು. 1924ರಲ್ಲಿ ಸುಳಿವು ಸಿಕ್ಕರೂ ಸಾಕು ಅಂದರು. ಅಂದರೆ ಗುಲಾಮಗಿರಿ ಇದ್ದ ಕಾಲಕ್ಕಿಂತ ಅದು ಹೋಗಿ 59 ವರ್ಷ ಆದ ಮೇಲೆ ಗೆರೆ ಇನ್ನೂ ಬಿಗಿಯಾಯಿತು. ಗುಲಾಮಗಿರಿ ಇದ್ದಾಗ ಗೆರೆ ಕಾಯೋಕೆ ಸಂಕೋಲೆ ಇತ್ತು. ಅದು ಹೋದ ಮೇಲೆ ಆ ಕೆಲಸ ರಿಜಿಸ್ಟರಿನ ಮೇಲೆ ಬಿತ್ತು ಅಂತ ನನಗೆ ಅನಿಸುತ್ತದೆ.

ಇದರ ಬೇರು ಮಾತ್ರ ಹಳೆಯದು. ಎಲಿಜಬೆತ್ ಕೀ ಅನ್ನೋ ಹೆಣ್ಣುಮಗಳ ಅಪ್ಪ ಇಂಗ್ಲಿಷಿನವನು, ತಾಯಿ ಆಫ್ರಿಕಾದವಳು. ಅಪ್ಪ ಸ್ವತಂತ್ರ ಮನುಷ್ಯ, ಹಾಗಾಗಿ ನಾನೂ ಸ್ವತಂತ್ರಳು ಅಂತ ವರ್ಜೀನಿಯಾದಲ್ಲಿ ದಾವೆ ಹೂಡಿ 1656ರಲ್ಲಿ ಗೆದ್ದಳು. ಇಂಗ್ಲೆಂಡಿನಲ್ಲಿ ಮಗು ಅಪ್ಪನ ಸ್ಥಾನಮಾನ ಪಡೆಯುವುದು ವಾಡಿಕೆ. ಆರು ವರ್ಷಕ್ಕೆ, 1662ರಲ್ಲಿ, ವರ್ಜೀನಿಯಾದ ಶಾಸನಸಭೆ ಅದನ್ನೇ ತಿರುಗಿಸಿತು. ಇನ್ನು ಮೇಲೆ ಮಗು ತಾಯಿಯ ಸ್ಥಿತಿಯನ್ನೇ ಪಡೆಯುತ್ತದೆ ಅಂದಿತು. ಲಾಭ ಯಾರಿಗೆ ಅಂತ ಯೋಚನೆ ಮಾಡಿ. ಧಣಿಯೇ ಗುಲಾಮ ಹೆಂಗಸಿಗೆ ಮಗು ಕೊಟ್ಟರೂ ಆ ಮಗು ಅವನ ಮನೆಗೆ ವಾರಸುದಾರ ಆಗಲಿಲ್ಲ, ಅವನ ಆಸ್ತಿಯ ಪಟ್ಟಿಗೆ ಸೇರಿತು.

ನಮ್ಮಲ್ಲೂ ಅದೇ ಇಂಗ್ಲಿಷಿನವರು ಬಂದಿದ್ದರಲ್ವಾ? ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ, ಕೆಜಿಎಫ್‌ನಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ಬೆಳೆದವು. ನಮ್ಮ ಸಂವಿಧಾನದ 366ನೇ ವಿಧಿಯಲ್ಲಿ ಅವರ ವ್ಯಾಖ್ಯೆ ಇದೆ. ಅಲ್ಲಿ ಲೆಕ್ಕಕ್ಕೆ ಬರೋದು ಅಪ್ಪನ ಕಡೆಯ ವಂಶ. ಅಪ್ಪ ಅಥವಾ ಅಪ್ಪನ ಗಂಡು ವಂಶದ ಪೂರ್ವಿಕರಲ್ಲಿ ಒಬ್ಬರು ಯುರೋಪ್ ಮೂಲದವರಾಗಿರಬೇಕು, ಜೊತೆಗೆ ಆ ವ್ಯಕ್ತಿ ಭಾರತದಲ್ಲೇ ಹುಟ್ಟಿ ನೆಲೆಸಿದವರಾಗಿರಬೇಕು. ರಕ್ತ ಎರಡೂ ಕಡೆ ಒಂದೇ ರೀತಿ ಬೆರೆಯಿತು. ವರ್ಜೀನಿಯಾದಲ್ಲಿ ಒಂದು ಲೆಕ್ಕ, ಇಲ್ಲಿ ಇನ್ನೊಂದು ಲೆಕ್ಕ.

ಪ್ಲೆಕರ್ ವಿಷಯಕ್ಕೆ ಬರ್ತೀನಿ. 1924ರ ಕಾನೂನಿನಲ್ಲಿ ಒಂದು ಕಿಂಡಿ ಇತ್ತು. ಅಮೆರಿಕದ ಮೂಲನಿವಾಸಿಗಳ, ಅಂದರೆ ಅಲ್ಲಿನ ದಾಖಲೆಗಳು ಇಂಡಿಯನ್ ಅಂತ ಕರೆಯೋ ಜನರ, ರಕ್ತ ಹದಿನಾರನೇ ಒಂದು ಭಾಗ ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಅವರನ್ನು ಬಿಳಿಯರು ಅಂತಲೇ ಒಪ್ಪಬಹುದು. ಯಾಕೆ ಅಂದರೆ ವರ್ಜೀನಿಯಾದ ದೊಡ್ಡ ಮನೆತನಗಳು ತಮ್ಮನ್ನು ಹಳೇ ಕಾಲದ ಮೂಲನಿವಾಸಿ ನಾಯಕನ ಮಗಳು ಪೊಕಾಹಂಟಸ್ ವಂಶದವರು ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದವು. ಶ್ರೀಮಂತರಿಗೆ ಇಟ್ಟ ಈ ಕಿಂಡಿಯಲ್ಲಿ ಬಡವರೂ ನುಸುಳುತ್ತಾರೆ ಅನ್ನೋದೇ ಪ್ಲೆಕರ್ ತಲೆನೋವು. ಹಾಗಾಗಿ ವರ್ಜೀನಿಯಾದಲ್ಲಿ ಶುದ್ಧ ಇಂಡಿಯನ್ ಅನ್ನುವವರು ಯಾರೂ ಉಳಿದೇ ಇಲ್ಲ, ಹಾಗೆ ಹೇಳಿಕೊಳ್ಳೋರೆಲ್ಲ ಕಲರ್ಡ್, ಅಂದರೆ ಕಪ್ಪು ಮಿಶ್ರಣದವರು ಅಂತ ಅವರೇ ತೀರ್ಮಾನ ಮಾಡಿದರು. ಸಾಕ್ಷಿಗೆ ಹಳೇ ರಿಜಿಸ್ಟರುಗಳನ್ನು ತೆಗೆದರು.

ಮೋಸ ಇರೋದು ಇಲ್ಲೇ. ನನ್ನಂಥ ಗುಮಾಸ್ತನಿಗೆ ಇದು ತಕ್ಷಣ ತಿಳಿಯುತ್ತದೆ. 19ನೇ ಶತಮಾನದ ಆ ತೆರಿಗೆ ಪಟ್ಟಿಗಳಲ್ಲಿ ಬಿಳಿಯರಿಗೆ ಒಂದು ಜಾಗ, ಕಪ್ಪು ಮತ್ತು ಮುಲಾಟೊ ಜನರಿಗೆ ಒಂದು ಜಾಗ. ಮೂಲನಿವಾಸಿಗಳಿಗೆ ಅಂತ ಬೇರೆ ಕಾಲಂ ಇರಲಿಲ್ಲ. 1705ರ ಕಾನೂನಂತೂ ಇಂಡಿಯನ್ನರ ಮಗುವನ್ನೂ ಮುಲಾಟೊ ಅಂತಲೇ ಕರೆದಿತ್ತು. ಅವನು ಬಿಳಿ ಅಲ್ಲ ಅಂತಾದರೆ ಗುಮಾಸ್ತ ಇರೋ ಇನ್ನೊಂದು ಕಾಲಮ್ಮಿನಲ್ಲೇ ಬರೆಯಬೇಕಿತ್ತು, ಬರೆದ. ಎಂಬತ್ತು ವರ್ಷದ ನಂತರ ಪ್ಲೆಕರ್ ಅದೇ ಪುಟ ತೋರಿಸಿ, ನೋಡಿ, ನಿಮ್ಮ ಮುತ್ತಜ್ಜ ಕಪ್ಪು ಅಂತ ದಾಖಲೆ ಇದೆ ಅಂದರು. ಕಾಲಮ್ಮಿನ ಕೊರತೆ ರಕ್ತದ ಸಾಕ್ಷಿಯಾಯಿತು.

ಜನನ ಪತ್ರದ ನಕಲು ಕೇಳಿದವರಿಗೆ ಅದರ ಹಿಂಬದಿಯಲ್ಲಿ ಎಚ್ಚರಿಕೆಯ ಷರಾ ಬರೆದು ಕೊಡುತ್ತಿದ್ದರು. ಮುಂದೆ ಇಂಡಿಯನ್ ಅಂತ ಇದ್ದರೂ ಇವರು ಇಂಡಿಯನ್ ಅಲ್ಲ ಅಂತ. ಷರಾ ಬರೆಯುವ ಅಧಿಕಾರ ಏನು ಅಂತ ನನಗೆ ಗೊತ್ತು. ಪಹಣಿಯಲ್ಲಿ ಒಂದು ತಪ್ಪು ಷರಾ ಬಿದ್ದರೆ ರೈತ ಎಷ್ಟು ವರ್ಷ ಅಲೆಯುತ್ತಾನೆ ಅಂತ ನೋಡಿದ್ದೇನೆ. ಇಲ್ಲಿ ಷರಾ ಬಿದ್ದದ್ದು ಹೊಲದ ಮೇಲಲ್ಲ, ಮನುಷ್ಯರ ಮೇಲೆ. 1943ರಲ್ಲಿ ಪ್ಲೆಕರ್ ಕೌಂಟಿವಾರು ಮನೆತನದ ಹೆಸರುಗಳ ಪಟ್ಟಿ ಮಾಡಿ ನೋಂದಣಿ ಗುಮಾಸ್ತರು, ಡಾಕ್ಟರುಗಳು, ನರ್ಸುಗಳು, ಶಾಲಾ ಅಧಿಕಾರಿಗಳಿಗೆಲ್ಲ ಕಳಿಸಿದರು. ಆ ಕೌಂಟಿಯಲ್ಲಿ ಆ ಹೆಸರಿನವರು ಬಿಳಿ ಅಥವಾ ಇಂಡಿಯನ್ ಅಂತ ಬರೆಸೋಕೆ ಬಂದರೆ ನಂಬಬೇಡಿ ಅಂತ. ಬೇಕೆಂದೇ ಸುಳ್ಳು ಬರೆಸಿದರೆ ಒಂದು ವರ್ಷ ಜೈಲು.

ಒಬ್ಬ ನ್ಯಾಯಾಧೀಶರು ಈ ಕಾನೂನನ್ನು ನೇರವಾಗಿ ಪ್ರಶ್ನೆ ಮಾಡಿದ್ದರು. 1924ರಲ್ಲೇ ರಾಕ್‌ಬ್ರಿಜ್ ಕೌಂಟಿಯಲ್ಲಿ ಅಥಾ ಸೊರೆಲ್ಸ್ ಅನ್ನೋ ಹುಡುಗಿಗೆ ಬಿಳಿ ಹುಡುಗನ ಜೊತೆ ಮದುವೆ ಲೈಸೆನ್ಸ್ ಕೊಡೋಕೆ ಗುಮಾಸ್ತ ಒಪ್ಪಲಿಲ್ಲ. ಅವಳ ಹಿರಿಯರ ದಾಖಲೆಯಲ್ಲಿ ಕಲರ್ಡ್ ಅಂತ ಇತ್ತು. ನ್ಯಾಯಾಧೀಶ ಹೆನ್ರಿ ಹೋಲ್ಟ್ ಅವಳ ಪರ ತೀರ್ಪು ಕೊಟ್ಟರು. ಹಳೇ ದಾಖಲೆಯ ಕಲರ್ಡ್ ಪದಕ್ಕೆ ಇಂಡಿಯನ್ ಅಂತಲೂ ಅರ್ಥ ಇರಬಹುದು, ಜೊತೆಗೆ ಬೇರೆ ರಕ್ತದ ಸುಳಿವೇ ಇಲ್ಲ ಅಂತ ಯಾರು ತಾನೇ ಸಾಬೀತು ಮಾಡೋಕೆ ಸಾಧ್ಯ ಅಂತ ಕೇಳಿದರು. ನೀವೇ ಲೆಕ್ಕ ಹಾಕಿ. ಅಪ್ಪ ಅಮ್ಮ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಹೀಗೇ ಹತ್ತು ತಲೆಮಾರು ಹಿಂದಕ್ಕೆ ಹೋದರೆ 1,024 ಜನ. ಅಷ್ಟೂ ಜನರ ದಾಖಲೆ ಯಾರ ಹತ್ತಿರ ಇದೆ? ಸರ್ಕಾರ ಮೇಲ್ಮನವಿಗೆ ಹೋಗಲಿಲ್ಲ. ಮೇಲಿನ ಕೋರ್ಟಿನಲ್ಲಿ ಸೋತರೆ ಕಾನೂನೇ ಬಿದ್ದುಹೋಗುತ್ತಲ್ಲ ಅನ್ನೋ ಭಯ. ಹಾಗಾಗಿ ಆ ತೀರ್ಪು ಆ ಹುಡುಗಿಯ ಮದುವೆಗಷ್ಟೇ ಉಪಯೋಗಕ್ಕೆ ಬಂತು. ಷರಾಗಳು ಮುಂದುವರಿದವು.

1967ರ ಜೂನ್ 12ರಂದು ಲವಿಂಗ್ ದಂಪತಿಯ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬಿಳಿಯರು ಬೇರೆ ಜನಾಂಗದವರನ್ನು ಮದುವೆ ಆಗಬಾರದು ಅನ್ನೋ ನಿರ್ಬಂಧವನ್ನು ತೆಗೆದುಹಾಕಿತು. ಆ ಕಥೆ ಬಹಳ ಜನರಿಗೆ ಗೊತ್ತಿದೆ. ಗೊತ್ತಿಲ್ಲದ್ದು ಆಮೇಲಿನದು. ಮೂಲನಿವಾಸಿ ಬುಡಕಟ್ಟು ಅಂತ ಕೇಂದ್ರ ಸರ್ಕಾರದ ಮಾನ್ಯತೆ ಬೇಕಾದರೆ ಇಷ್ಟು ವರ್ಷವೂ ಒಂದು ಸಮುದಾಯವಾಗಿ ಇದ್ದೆವು ಅನ್ನೋದಕ್ಕೆ ದಾಖಲೆ ಕೊಡಬೇಕು. ಮೊನಾಕನ್, ರಾಪಹಾನಕ್, ಚಿಕಹೋಮಿನಿ ಜನ ಎಲ್ಲಿಂದ ತರಬೇಕು? ಅವರ ಹೆಸರಿನ ಮುಂದೆ ದಶಕಗಳ ಕಾಲ ಬೇರೆಯದನ್ನೇ ಬರೆದಿತ್ತು. ಕೊನೆಗೆ ಸಂಸತ್ತೇ ಪ್ರತ್ಯೇಕ ಕಾನೂನು ಮಾಡಿ 2018ರ ಜನವರಿಯಲ್ಲಿ ಆರು ಬುಡಕಟ್ಟುಗಳಿಗೆ ಮಾನ್ಯತೆ ಕೊಟ್ಟಿತು. ಅಷ್ಟರಲ್ಲಿ ಪ್ಲೆಕರ್ ಸತ್ತು 70 ವರ್ಷ ಆಗಿತ್ತು.

ಕಪ್ಪು ಜನಾಂಗದವರ ಕಥೆ ಬೇರೆ ದಾರಿ ಹಿಡಿಯಿತು. ಹೊರಗೆ ಹಾಕೋಕೆ ಎಳೆದ ಗೆರೆಯ ಒಳಗೆ ಎಲ್ಲಾ ಬಣ್ಣದವರೂ ಸೇರಿ ಒಂದು ಸಮುದಾಯವಾದರು. ಕಪ್ಪು ಜನರ ಹಕ್ಕಿಗೆ ಹೋರಾಡಿದ ಎನ್‌ಎಎಸಿಪಿ ಸಂಘಟನೆಯನ್ನು ದಶಕಗಳ ಕಾಲ ನಡೆಸಿದ ವಾಲ್ಟರ್ ವೈಟ್ ಅವರದು ನೀಲಿ ಕಣ್ಣು, ಹೊಂಬಣ್ಣದ ಕೂದಲು. ಬಿಳಿಯನಾಗಿ ಬದುಕಬಹುದಿತ್ತು, ಬದುಕಲಿಲ್ಲ. 2000ದಿಂದ ಅಲ್ಲಿನ ಜನಗಣತಿಯಲ್ಲಿ ಒಂದಕ್ಕಿಂತ ಜಾಸ್ತಿ ಜನಾಂಗ ಗುರುತು ಮಾಡಬಹುದು. ಆದರೂ 2010ರಲ್ಲಿ ಒಬಾಮ, ಅಮ್ಮ ಬಿಳಿಯಳಾಗಿದ್ದರೂ, ಕಪ್ಪು ಅನ್ನೋ ಒಂದೇ ಗುರುತು ಹಾಕಿದರು. ಇದನ್ನು ಹಳೇ ಕಾನೂನಿನ ಗುಲಾಮಗಿರಿ ಅಂತ ಕೆಲವರು ಅಂದರು. ನಾನು ಒಪ್ಪೋದಿಲ್ಲ. ತಾನೇ ಕೈಯಾರೆ ಬರೆದುಕೊಳ್ಳೋದಕ್ಕೂ ಇನ್ನೊಬ್ಬ ಬೆನ್ನ ಹಿಂದೆ ಷರಾ ಬರೆಯೋದಕ್ಕೂ ಅಜಗಜಾಂತರ.

ಅಥಾ ಸೊರೆಲ್ಸ್‌ಳ ಅದೇ ರಾಕ್‌ಬ್ರಿಜ್ ಕೌಂಟಿಗೆ 2019ರಲ್ಲಿ ಒಂದು ಜೋಡಿ ಮದುವೆ ಲೈಸೆನ್ಸಿಗೆ ಹೋಯಿತು. ಜನಾಂಗದ ಕಾಲಂ ತುಂಬಿಸಿ ಅಂದರು. ಆಯ್ಕೆ ಮಾಡೋಕೆ ಅಂತ 200ಕ್ಕೂ ಹೆಚ್ಚು ಹೆಸರುಗಳ ಪಟ್ಟಿ ಕೊಟ್ಟರು. ಅದರಲ್ಲಿ ಮುಲಾಟೊ ಇತ್ತು, ಕಾಲು ಭಾಗಕ್ಕೆ ಕ್ವಾಡ್ರೂನ್ ಇತ್ತು, ಎಂಟನೇ ಒಂದಕ್ಕೆ ಆಕ್ಟರೂನ್ ಇತ್ತು. ಅವರು ತುಂಬಿಸೋದಿಲ್ಲ ಅಂದರು. ತುಂಬಿಸದಿದ್ದರೆ ಲೈಸೆನ್ಸ್ ಇಲ್ಲ ಅಂತಾಯಿತು. ಕೋರ್ಟಿಗೆ ಹೋದರು. ಅದೇ ವರ್ಷ ಅಕ್ಟೋಬರಿನಲ್ಲಿ ಕೇಂದ್ರ ನ್ಯಾಯಾಲಯದ ನ್ಯಾಯಾಧೀಶರು ಆ ಕಡ್ಡಾಯ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟರು.

ಆ ಕಾಲಮ್ಮನ್ನು ಖಾಲಿ ಬಿಡೋ ಹಕ್ಕು ಅಲ್ಲಿ ಆವತ್ತು ಸಿಕ್ಕಿತು.