ಹೈಸ್ಕೂಲಿನಲ್ಲಿದ್ದಾಗ ನಾನು ಬಿಡಿಸಿದ ಡ್ರಾಯಿಂಗುಗಳು

ಪೀಣ್ಯದ ಒಂದು ಯಂತ್ರ ತಯಾರಿಕಾ ಕಾರ್ಖಾನೆಯಲ್ಲಿ ನಾನು ವಿನ್ಯಾಸ ವಿಭಾಗದವನು. ಒಂದು ಶುಕ್ರವಾರ ಸಂಜೆ, ಮನೆಗೆ ಹೊರಡಲು ಬ್ಯಾಗನ್ನು ಹೆಗಲಿಗೇರಿಸಿದ ಹೊತ್ತಿಗೆ, ಮ್ಯಾನೇಜರ್ ಸಾಹೇಬರು ಬಂದು, ಸೋಮವಾರ ಗ್ರಾಹಕರ ಕಡೆಯವರು ಆಡಿಟ್‌ಗೆ ಬರುತ್ತಾರೆಂದೂ ಹಳೆಯ ಡ್ರಾಯಿಂಗುಗಳಲ್ಲಿ ಹೆಸರು, ದಿನಾಂಕ ಮೊದಲಾದ ವಿವರಗಳಿರುವ ಟೈಟಲ್ ಬ್ಲಾಕಿನಲ್ಲಿ ಒಂದು ಮನೆಯೂ ಖಾಲಿ ಇರಬಾರದೆಂದೂ ತಿಳಿಸಿದರು. ಎಣಿಸಿ ನೋಡಿದರೆ ನಮ್ಮ ವಿನ್ಯಾಸ ತಂತ್ರಾಂಶವಾದ ಸಾಲಿಡ್‌ವರ್ಕ್ಸ್‌ನ 340 ಪಾರ್ಟ್ ಫೈಲುಗಳಿದ್ದವು. ಒಂದೊಂದನ್ನೂ ತೆರೆದು, ತುಂಬಿ, ಸೇವ್ ಮಾಡಿ ಮುಚ್ಚಲು ಎರಡೇ ನಿಮಿಷವೆಂದುಕೊಂಡರೂ ಹನ್ನೊಂದು ಗಂಟೆ ಮೀರುತ್ತಿತ್ತು. ಪ್ರೋಗ್ರಾಮ್ ಬರೆದು ಕೆಲಸ ಮಾಡಿಸಬಲ್ಲ ವಿಬಿಎ ಕೈಯಲ್ಲಿರುವಾಗ ಇಂಥ ಕೂಲಿ ಏಕೆಂದು ನನಗನ್ನಿಸಿತು.

ನಮ್ಮ ಡ್ರಾಯಿಂಗುಗಳ ಟೈಟಲ್ ಬ್ಲಾಕಿನಲ್ಲಿ ಅಕ್ಷರಗಳನ್ನು ಯಾರೂ ಟೈಪ್ ಮಾಡಿರುವುದಿಲ್ಲ. ಅಲ್ಲಿ `$PRPSHEET:"Description"` ಎಂಬಂಥ ಕೊಂಡಿಯೊಂದಿರುತ್ತದೆ. ಅದು ಹಾಳೆಯ ಮೇಲೆ ಕಾಣುವ ಪಾರ್ಟಿನ ಫೈಲಿನೊಳಗೆ ಬರೆದಿಟ್ಟ ವಿವರವನ್ನು, ಅಂದರೆ ಕಸ್ಟಮ್ ಪ್ರಾಪರ್ಟಿಯನ್ನು, ಓದಿ ತೋರಿಸುತ್ತದೆ. `$PRP` ಎಂದಷ್ಟೇ ಬರೆದಿದ್ದರೆ ಡ್ರಾಯಿಂಗ್ ಫೈಲಿನ ಸ್ವಂತ ಪ್ರಾಪರ್ಟಿಯನ್ನು ಓದುತ್ತಿತ್ತು. ಹೀಗಾಗಿ ಡ್ರಾಯಿಂಗುಗಳ ತಂಟೆಗೇ ಹೋಗದೆ ಪಾರ್ಟುಗಳನ್ನಷ್ಟೇ ತಿದ್ದಿದರೆ, 340 ಟೈಟಲ್ ಬ್ಲಾಕುಗಳೂ ತಾವಾಗಿಯೇ ತುಂಬಿಕೊಳ್ಳುತ್ತವೆ. ಇದು ಎಷ್ಟು ದೊಡ್ಡ ಅನುಕೂಲವೋ ಅಷ್ಟೇ ದೊಡ್ಡ ಅಪಾಯವೆಂಬುದು ಆಗ ನನ್ನ ತಲೆಗೆ ಹೊಳೆದಿರಲಿಲ್ಲ.

ಶನಿವಾರ ಬೆಳಿಗ್ಗೆ ಕುಳಿತು ಮ್ಯಾಕ್ರೋ ಬರೆದೆ. ಫೋಲ್ಡರಿನ ಫೈಲುಗಳನ್ನು ಒಂದೊಂದಾಗಿ ತೆರೆಯುವುದು, ಎಕ್ಸೆಲ್ ಪಟ್ಟಿಯಿಂದ ಹೆಸರು, ಮೆಟೀರಿಯಲ್ ತಂದು ತುಂಬುವುದು, ಸೇವ್ ಮಾಡಿ ಮುಚ್ಚುವುದು, ಇಷ್ಟೇ ಅದರ ಕೆಲಸ. ಡ್ರಾಯಿಂಗ್ ಬಿಡಿಸಿದವರ ಹೆಸರಿಲ್ಲದ ಕಡೆ ನನ್ನದನ್ನೇ ಹಾಕಲು ಸಾಹೇಬರು ಒಪ್ಪಿದ್ದರು. ಕನ್ನಡಾಭಿಮಾನದಿಂದ ಹೆಸರನ್ನು ಕನ್ನಡದಲ್ಲಿಯೇ ಕೊಡೋಣವೆಂದು ಹೊರಟರೆ, ವಿಬಿಎ ಎಡಿಟರು ಯೂನಿಕೋಡ್ ಅರಿಯದ ಹಳೆಯ ಕಾಲದ್ದಾದ್ದರಿಂದ, ನನ್ನ ಹೆಸರಿನ ಜಾಗದಲ್ಲಿ ಬರಿಯ ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ನಿಂತವು. ಬೇಸರದಿಂದ ಇಂಗ್ಲಿಷಿನ ಮೂರು ಇನಿಷಿಯಲ್‌ಗಳನ್ನು ಹಾಕಿದೆ. ಆ ಪ್ರಶ್ನಾರ್ಥಕ ಚಿಹ್ನೆಗಳನ್ನೇ ಬಿಟ್ಟಿದ್ದರೆ ಮುಂದೆ ಯಾರೂ ನನ್ನನ್ನು ಹುಡುಕಿಕೊಂಡು ಬರುತ್ತಿರಲಿಲ್ಲ.

```
Set cpm = swModel.Extension.CustomPropertyManager("")
cpm.Add3 "DrawnBy", 30, "SNM", 0
```

ಇದರಲ್ಲಿ 30 ಎಂದರೆ ಪ್ರಾಪರ್ಟಿಯು ಪಠ್ಯರೂಪದ್ದು ಎಂದರ್ಥ. ಕೊನೆಯ ಸೊನ್ನೆಯ ಅರ್ಥ, ಆ ಹೆಸರಿನ ಪ್ರಾಪರ್ಟಿ ಹೊಸದಾಗಿದ್ದರೆ ಮಾತ್ರ ಸೇರಿಸು ಎಂದು. ಬೇರೆಯವರ ಹೆಸರನ್ನು ಮುಟ್ಟಬಾರದೆಂಬ ಸಜ್ಜನಿಕೆಯಿಂದಲೇ ಸೊನ್ನೆ ಕೊಟ್ಟಿದ್ದೆ. ಮ್ಯಾಕ್ರೋ ಓಡಿಸಿ ನೋಡಿದರೆ ಖಾಲಿ ಮನೆಗಳು ಖಾಲಿಯಾಗಿಯೇ ಇದ್ದವು. ಕಾರಣ ಸರಳವಾದದ್ದು: ನಮ್ಮ ಪಾರ್ಟ್ ಟೆಂಪ್ಲೇಟಿನಲ್ಲಿಯೇ `DrawnBy` ಎಂಬ ಸಾಲು ಇದೆ, ಅದರ ಮುಂದೆ ಬೆಲೆಯೊಂದೇ ಇಲ್ಲ. ಪ್ರೋಗ್ರಾಮಿನ ಲೆಕ್ಕದಲ್ಲಿ ಆ ಪ್ರಾಪರ್ಟಿ ಇದ್ದೇ ಇದೆ. ಒಳಗೆ ಏನೂ ಇಲ್ಲದಿರುವುದು ಅದಕ್ಕೆ ಸಂಬಂಧಿಸಿದ ವಿಷಯವಲ್ಲ. ಬಾಗಿಲಲ್ಲಿ ನಾಮಫಲಕವಿದ್ದರೆ ಮನೆಯಲ್ಲಿ ಜನವಿದ್ದಾರೆಂದೇ ನಂಬುವ ಗಣತಿದಾರನಂತೆ ಅದು ಮುಂದೆ ನಡೆದುಬಿಟ್ಟಿತ್ತು.

ಊಟದ ಹೊತ್ತಾಗಿತ್ತು. ಸೊನ್ನೆಯನ್ನು ಅಳಿಸಿ 1 ಎಂದು ಬರೆದೆ. ಒಂದು ಎಂದರೆ, ಇರುವುದನ್ನು ಅಳಿಸಿ ಹೊಸದನ್ನು ಹಾಕು ಎಂದರ್ಥ. ಪಾರ್ಟಿನ ಹೆಸರು, ಮೆಟೀರಿಯಲ್‌ಗಳಿಗೆ ಪಟ್ಟಿಯೇ ಪ್ರಮಾಣವಾದ್ದರಿಂದ ಅದೇ ಸರಿಯಾದ ಅಂಕೆ. `DrawnBy`ಗೆ ಅದು ಎಂಥ ಅಂಕೆಯೆಂದು ಯೋಚಿಸುವಷ್ಟು ವ್ಯವಧಾನ ಹಸಿದ ಹೊಟ್ಟೆಗಿರಲಿಲ್ಲ. ಡಬ್ಬಿ ಮುಗಿಸಿ ಬರುವಷ್ಟರಲ್ಲಿ ಅರ್ಧ ಫೋಲ್ಡರ್ ಮುಗಿದಿತ್ತು. ಮೂಲ ಫೋಲ್ಡರಿನ ಒಂದು ಪ್ರತಿ ತೆಗೆದಿಡಬೇಕೆಂಬುದು ಮರುದಿನ ಸ್ನಾನ ಮಾಡುವಾಗ ನೆನಪಾಯಿತು.

ಭಾನುವಾರ ಹತ್ತು ಡ್ರಾಯಿಂಗುಗಳನ್ನು ತೆರೆದು ಪರೀಕ್ಷಿಸಿದೆ. ನಾಲ್ಕರಲ್ಲಿ ಪಾರ್ಟಿನ ಹೆಸರೇ ತಪ್ಪಾಗಿತ್ತು. ಗಾರ್ಡ್ ಬ್ರಾಕೆಟ್ಟಿನ ಹಾಳೆಯ ಮೇಲೆ ಮೋಟಾರ್ ಬೇಸ್ ಎಂದಿತ್ತು. ಪಾರ್ಟನ್ನು ತೆರೆದು ಕಸ್ಟಮ್ ಟ್ಯಾಬ್ ನೋಡಿದರೆ ಅಲ್ಲಿ ಸರಿಯಾದ ಹೆಸರೇ ಇದೆ! ಒಂದು ಗಂಟೆ ತಲೆ ಕೆರೆದುಕೊಂಡ ಮೇಲೆ ಪಕ್ಕದ ಕಾನ್ಫಿಗರೇಶನ್ ಟ್ಯಾಬಿನ ಮೇಲೆ ಕಣ್ಣು ಬಿತ್ತು. ಒಂದೇ ಪಾರ್ಟಿನ ಬೇರೆಬೇರೆ ರೂಪಗಳಿಗೆ ಬೇರೆಬೇರೆ ವಿವರ ಬರೆದಿಡುವ ಜಾಗ ಅದು. ಯಾರೋ ಎಂದೋ ಮೋಟಾರ್ ಬೇಸನ್ನೇ ಬೇರೆ ಹೆಸರಿನಲ್ಲಿ ಸೇವ್ ಮಾಡಿ ಬ್ರಾಕೆಟ್ ಮಾಡಿದ್ದರು. ಹಳೆಯ ಹೆಸರು ಆ ಟ್ಯಾಬಿನಲ್ಲಿ ಉಳಿದುಕೊಂಡಿತ್ತು. ಒಂದೇ ಹೆಸರಿನ ಪ್ರಾಪರ್ಟಿ ಎರಡೂ ಕಡೆ ಇದ್ದರೆ ಟೈಟಲ್ ಬ್ಲಾಕು ಕಾನ್ಫಿಗರೇಶನ್ನಿನ ಮಾತನ್ನೇ ಮೊದಲು ಕೇಳುತ್ತದೆ. ನನ್ನ ಕೋಡಿನ ಮೊದಲ ಸಾಲಿನ ಕೊನೆಯಲ್ಲಿ ಎರಡು ಉದ್ಧರಣ ಚಿಹ್ನೆಗಳ ನಡುವೆ ಏನೂ ಇಲ್ಲವಲ್ಲ, ಅದರ ಅರ್ಥವೇ ಕಸ್ಟಮ್ ಟ್ಯಾಬ್ ಒಂದನ್ನೇ ಮುಟ್ಟು ಎಂದು. ಅಲ್ಲಿ ಕಾನ್ಫಿಗರೇಶನ್ನಿನ ಹೆಸರು ಕೊಟ್ಟಿದ್ದರೆ ಮಾತ್ರ ಆ ಟ್ಯಾಬಿಗೆ ಕೈ ಹಾಕುತ್ತಿತ್ತು.

ಹಾಗೆಂದು ಎಲ್ಲ ಕಾನ್ಫಿಗರೇಶನ್ನುಗಳ ಹೆಸರನ್ನೂ ಕಣ್ಣುಮುಚ್ಚಿ ಅಳಿಸುವಂತಿಲ್ಲ. ಮೂರು ಉದ್ದಗಳಲ್ಲಿ ಬರುವ ನಮ್ಮ ಬುಷ್ ಒಂದೇ ಫೈಲಿನಲ್ಲಿ ಮೂರು ಕಾನ್ಫಿಗರೇಶನ್ನುಗಳಾಗಿದೆ. ಅದರ ಮೂರು ಹೆಸರುಗಳು ಬೇರೆಬೇರೆಯಾಗಿರುವುದೇ ನ್ಯಾಯ. ಆದ್ದರಿಂದ `GetConfigurationCount` ಒಂದೇ ಇರುವ ಫೈಲುಗಳಲ್ಲಿ ಮಾತ್ರ ಆ ಹಳೆಯ ಸಾಲನ್ನು `Delete2` ಮೂಲಕ ತೆಗೆಸಿ, ಉಳಿದವನ್ನು ಕೈಯಿಂದ ನೋಡಿದೆ. ಈ ಪತ್ತೇದಾರಿಕೆಯಲ್ಲಿ ಎಷ್ಟು ಮುಳುಗಿದ್ದೆನೆಂದರೆ, ಹೆಸರಿನ ಮನೆಯಿಂದ ಎರಡು ಅಂಗುಲ ಕೆಳಗಿದ್ದ ಇನ್ನೊಂದು ಮನೆಯನ್ನು ನೋಡಲೇ ಇಲ್ಲ.

ಸೋಮವಾರ ಆಡಿಟರು ಮೊದಲನೆಯ ಡ್ರಾಯಿಂಗನ್ನು ಕೈಗೆತ್ತಿಕೊಂಡು ಕನ್ನಡಕ ಸರಿಮಾಡಿಕೊಂಡರು. ಬಿಡಿಸಿದವರು: SNM. ದಿನಾಂಕ: 12-03-2009. ದಿನಾಂಕದ ಪ್ರಾಪರ್ಟಿಯನ್ನು ನಾನು ಮುಟ್ಟಿರಲಿಲ್ಲವಾದ್ದರಿಂದ ಅದು ಪ್ರಾಮಾಣಿಕವಾಗಿ ಉಳಿದುಕೊಂಡಿತ್ತು.

"ಇಲ್ಲಿಗೆ ಸೇರಿ ಎಷ್ಟು ವರ್ಷ ಆಯ್ತು ನಿಮಗೆ?" ಎಂದು ಕೇಳಿದರು.

"ಆರು ವರ್ಷ, ಸರ್."

"2009ರಲ್ಲಿ ಏನ್ಮಾಡ್ತಾ ಇದ್ರಿ?"

"ಒಂಬತ್ತನೇ ಕ್ಲಾಸು, ಸರ್."

ಅವರು ನಕ್ಕರು. ಸಾಹೇಬರು ನಗಲಿಲ್ಲ.

ಮ್ಯಾಕ್ರೋದ ತಿದ್ದುಪಡಿ ಐದು ನಿಮಿಷದ್ದು. ಮೊದಲು ಓದು, ಬೆಲೆ ಖಾಲಿಯಿದ್ದರೆ ಮಾತ್ರ ಬರೆ ಎಂದು ಹೇಳಿದರೆ ಮುಗಿಯಿತು. ಸಾಲು ಇದೆಯೇ ಎಂದಲ್ಲ, ಸಾಲಿನಲ್ಲಿ ಏನಿದೆ ಎಂದು ಕೇಳಬೇಕಿತ್ತು.

```
cpm.Get4 "DrawnBy", False, v, r
If Trim(v) = "" Then cpm.Add3 "DrawnBy", 30, "SNM", 1
```

ಆದರೆ ಅಳಿಸಿಹೋದ ಹೆಸರುಗಳನ್ನು ಯಾವ ಮ್ಯಾಕ್ರೋ ಮರಳಿ ಕೊಡಬಲ್ಲದು? ಸುಮಾರು 220 ಪಾರ್ಟುಗಳ ನಿಜವಾದ ಕರ್ತೃಗಳನ್ನು ತಿಳಿಯಲು ಗೋದ್ರೇಜ್ ಬೀರುವಿನಲ್ಲಿದ್ದ ಹಳೆಯ ಪ್ರಿಂಟುಗಳೇ ಗತಿಯಾದವು. ಧೂಳು ಕೊಡವಿ, ಒಂದೊಂದು ಹಾಳೆಯನ್ನೂ ನೋಡಿ, ಒಂದೊಂದು ಫೈಲನ್ನೂ ತೆರೆದು ಹೆಸರು ಟೈಪ್ ಮಾಡಿದೆ. ಒಂದಕ್ಕೆ ಎರಡು ನಿಮಿಷ ಎಂಬ ನನ್ನ ಮೊದಲಿನ ಅಂದಾಜು ತೀರಾ ಕಡಿಮೆಯದೆಂದು ಆಗ ಗೊತ್ತಾಯಿತು.

ಫೈಲುಗಳು ಈಗ ಸರಿಯಾಗಿವೆ. ಆದರೆ ಆ ಸೋಮವಾರವೇ ಶಾಪ್ ಫ್ಲೋರಿಗೆ ಒಂದು ಕಟ್ಟು ಹೊಸ ಪ್ರಿಂಟುಗಳು ಹೋಗಿದ್ದವು. ಫೋರ್‌ಮನ್ನರು ಕೆಲವನ್ನು ಲ್ಯಾಮಿನೇಟ್ ಮಾಡಿಸಿ ಯಂತ್ರಗಳ ಪಕ್ಕದಲ್ಲಿ ತೂಗುಹಾಕಿದ್ದಾರೆ. ಕಳೆದ ವಾರವೂ ಅವರ ಫೋನು ಬಂದಿತ್ತು. "ಸಾರ್, ಎಂ8 ಬೋಲ್ಟಿಗೆ ಎಂಟೂವರೆ ಹೋಲ್ ಇಟ್ಟಿದ್ದೀರಲ್ಲ, ನಾಲ್ಕು ಬೋಲ್ಟೂ ಒಟ್ಟಿಗೆ ಕೂರೋದಿಲ್ಲ, ಒಂಬತ್ತು ಮಾಡ್ಲಾ?" ಎಂದರು. ಅದು ನಾನು ಬಿಡಿಸಿದ್ದಲ್ಲವೆಂದೆ. "ನಿಮ್ಮ ಹೆಸರೇ ಇದೆಯಲ್ಲ ಸಾರ್, 2009ರದು," ಎಂದು ಅವರು ಓದಿ ಹೇಳಿದರು. ಒಂಬತ್ತು ಮಾಡಿ ಎಂದೆ.