ಆರರ ಪಟ್ಟಿಯಲ್ಲಿ ಅಕ್ಕಿ ಇಲ್ಲ

ಇಸ್ಲಾಮಿನ ಧರ್ಮಶಾಸ್ತ್ರವಾದ ಫಿಕ್‌ಹ್ ಅಂದ ಕೂಡಲೇ ಅದರ ನಾಲ್ಕು ಪಂಥಗಳ, ಅಂದರೆ ಮದ್‌ಹಬ್‌ಗಳ ಮಾತು ಬರುತ್ತದೆ. ನಮ್ಮಲ್ಲಿ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ. ಒಳನಾಡಿನಲ್ಲಿ ಹನಫಿಗಳೇ ಜಾಸ್ತಿ. ಮಾಲಿಕಿ, ಹಂಬಲಿಗಳ ಹೆಸರನ್ನಾದರೂ ಕೇಳಿರುತ್ತೇವೆ. ಐದನೆಯದೊಂದಿತ್ತು, ಝಾಹಿರಿ. ಅದರ ಮಾತು ಎತ್ತಿದರೆ "ಅವರಾ, ಅಕ್ಷರಕ್ಕೆ ಜೋತುಬಿದ್ದವರು" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಝಾಹಿರಿಗಳು ಕೇಳಿದ ಒಂದು ಪ್ರಶ್ನೆಗೆ ನಾಲ್ಕೂ ಮದ್‌ಹಬ್‌ಗಳಿಂದ ಸರಿಯಾದ ಉತ್ತರ ಬಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ಪಂಥ ಶುರುವಾದದ್ದು 9ನೇ ಶತಮಾನದ ಬಾಗ್ದಾದಿನಲ್ಲಿ, ದಾವೂದ್ ಇಬ್ನ್ ಅಲಿ ಅವರಿಂದ. 884ರಲ್ಲಿ ತೀರಿಕೊಂಡರು. ಇಮಾಮ್ ಶಾಫಿ ಎಂದರೆ ಅವರಿಗೆ ಬಹಳ ಗೌರವ, ಅವರ ಗುಣಗಾನ ಮಾಡಿ ಬರೆದವರು. ಹನಫಿಗಳು 'ಇಸ್ತಿಹ್ಸಾನ್' ಎಂಬ ದಾರಿ ಬಳಸುತ್ತಿದ್ದರು. ಹೋಲಿಕೆಯ ತರ್ಕ, ಅಂದರೆ ಕಿಯಾಸ್, ಒಂದು ಕಡೆ ಕರೆದೊಯ್ದರೂ, ಬೇರೆಯದೇ ಮೇಲು ಎಂದು ಕಂಡಾಗ ಅದರಂತೆ ತೀರ್ಪು ಕೊಡುವುದು. ಶಾಫಿ ಇದನ್ನು ಕಟುವಾಗಿ ಖಂಡಿಸಿದರು. ಮನುಷ್ಯನಿಗೆ ಒಳ್ಳೆಯದು ಕಂಡದ್ದು ಶರೀಅತ್ ಹೇಗಾದೀತು ಎಂದರು. ದಾವೂದ್ ಆ ವಾದಗಳನ್ನೇ ಕೈಗೆತ್ತಿಕೊಂಡು ಇನ್ನೊಂದು ಹೆಜ್ಜೆ ಮುಂದೆ ಹೋದರು. ಇದೇ ವಾದದಿಂದ ಕಿಯಾಸ್ ಕೂಡ ಬಿದ್ದುಹೋಗುತ್ತದಲ್ಲ ಎಂದರು.

ಕಿಯಾಸ್ ಅಂದರೆ ಹೋಲಿಕೆಯಿಂದ ತೀರ್ಪು ಎಳೆಯುವುದು. ಕುರ್‌ಆನ್‌ನಲ್ಲೋ ಪ್ರವಾದಿಯವರ ನಡೆನುಡಿಯ ವರದಿಯಾದ ಹದೀಸಿನಲ್ಲೋ ಒಂದು ವಸ್ತುವಿಗೆ ನಿಯಮ ಇರುತ್ತದೆ. ಆ ನಿಯಮದ ಹಿಂದಿನ ಕಾರಣ ಯಾವುದು ಎಂದು ವಿದ್ವಾಂಸರು ಹುಡುಕುತ್ತಾರೆ. ಆ ಕಾರಣಕ್ಕೆ 'ಇಲ್ಲತ್' ಅನ್ನುತ್ತಾರೆ. ಅದೇ ಇಲ್ಲತ್ ಬೇರೆ ವಸ್ತುವಿನಲ್ಲೂ ಕಂಡರೆ ನಿಯಮವನ್ನು ಅಲ್ಲಿಗೂ ಚಾಚುತ್ತಾರೆ. ಕೇಳಲು ಸರಳ. ತೊಡಕಿರುವುದು ಇಲ್ಲತ್ ಹುಡುಕುವ ಕಡೆ. ಅದು ಎದ್ದು ಕಾಣುವುದು ವಸ್ತುವಿಗೆ ವಸ್ತು ಬದಲಾಯಿಸುವಾಗಿನ ನಿಷಿದ್ಧ ಹೆಚ್ಚಳ, ಅಂದರೆ ವಿನಿಮಯದ ರಿಬಾ ವಿಷಯದಲ್ಲಿ.

ಪ್ರವಾದಿಯವರ ಸಂಗಾತಿ ಬಿಲಾಲ್ ಒಮ್ಮೆ ಅವರಿಗೆ ಉತ್ತಮ ಜಾತಿಯ ಖರ್ಜೂರ ತಂದುಕೊಟ್ಟರು. ಎಲ್ಲಿಂದ ಬಂತು ಎಂದು ಕೇಳಿದರೆ, ನಮ್ಮ ಹತ್ತಿರ ಕಳಪೆ ಖರ್ಜೂರ ಇತ್ತು, ಸಾಅ್ ಎಂಬ ಅಳತೆಯಲ್ಲಿ ಅದರ ಎರಡು ಸಾಅ್ ಕೊಟ್ಟು ಇದರ ಒಂದು ಸಾಅ್ ತಂದೆ ಎಂದರು. ಪ್ರವಾದಿಯವರು ನೊಂದುಕೊಂಡು, ಇದು ರಿಬಾವೇ, ಹೀಗೆ ಮಾಡಬೇಡ ಎಂದರು. ನಿನ್ನ ಖರ್ಜೂರವನ್ನು ಮೊದಲು ಮಾರು, ಬಂದದ್ದರಲ್ಲಿ ಇದನ್ನು ಕೊಂಡುಕೋ ಎಂದು ದಾರಿಯನ್ನೂ ತೋರಿಸಿದರು. ಇನ್ನೊಂದು ಹದೀಸಿನಲ್ಲಿ ಪಟ್ಟಿಯೇ ಇದೆ: ಚಿನ್ನ, ಬೆಳ್ಳಿ, ಗೋಧಿ, ಬಾರ್ಲಿ, ಖರ್ಜೂರ, ಉಪ್ಪು. ಇವುಗಳನ್ನು ಅದೇ ಜಾತಿಯ ವಸ್ತುವಿಗೆ ಬದಲಾಯಿಸಿದರೆ ಅಳತೆ ಸಮ ಇರಬೇಕು, ಕೈಯಿಂದ ಕೈಗೆ ಅಲ್ಲೇ ಮುಗಿಯಬೇಕು.

ಪಟ್ಟಿ ಅಲ್ಲಿಗೆ ಮುಗಿಯಿತು. ಹಾಗಾದರೆ ಅಕ್ಕಿ? ಎರಡು ಸೇರು ದಪ್ಪಕ್ಕಿ ಕೊಟ್ಟು ಒಂದು ಸೇರು ಸಣ್ಣಕ್ಕಿ ತರಬಹುದಾ?

ಬೇಡ ಎನ್ನುತ್ತವೆ ನಾಲ್ಕೂ ಮದ್‌ಹಬ್. ಕಾರಣ ಕೇಳಿ ನೋಡಿ. ಅಳೆದು ತೂಗಿ ಮಾರುವ ಒಂದೇ ಜಾತಿಯ ವಸ್ತು, ಅದಕ್ಕೆ ಎನ್ನುತ್ತಾರೆ ಹನಫಿಗಳು. ಹಂಬಲಿಗಳ ಹೆಸರಾದ ಅಭಿಪ್ರಾಯವೂ ಇದೇ. ತಿನ್ನುವ ವಸ್ತು, ಅದಕ್ಕೆ ಎನ್ನುತ್ತಾರೆ ಶಾಫಿಗಳು. ಕೂಡಿಟ್ಟು ಹೊಟ್ಟೆ ಹೊರೆಯುವ ಆಹಾರ, ಅದಕ್ಕೆ ಎನ್ನುತ್ತಾರೆ ಮಾಲಿಕಿಗಳು. ಅಕ್ಕಿ ಮೂರಕ್ಕೂ ಹೊಂದುವುದರಿಂದ ಜಗಳ ಕಾಣುವುದಿಲ್ಲ. ಒಂದು ಸೇಬು ಕೊಟ್ಟು ಎರಡು ಸೇಬು ತೆಗೆದುಕೊಳ್ಳಿ, ಜಗಳ ಹೊರಗೆ ಬರುತ್ತದೆ. ಹನಫಿ ಗ್ರಂಥಗಳಲ್ಲಿ ಇದೇ ಉದಾಹರಣೆ ಇದೆ: ಎಣಿಸಿ ಮಾರುವ ವಸ್ತು, ಅಡ್ಡಿಯಿಲ್ಲ. ಶಾಫಿಗಳಿಗೆ ಅದು ತಿನಿಸು, ಹಾಗಾಗಿ ಹರಾಮ್. ಸುಣ್ಣಕ್ಕೆ ಬನ್ನಿ, ಎಲ್ಲ ತಲೆಕೆಳಗು. ಹನಫಿಗಳಿಗೆ ಅದು ಅಳೆಯುವ ವಸ್ತು, ಹರಾಮ್. ಶಾಫಿಗಳಿಗೆ ಅದು ತಿನ್ನುವುದೂ ಅಲ್ಲ, ಹಣವೂ ಅಲ್ಲ, ಹಲಾಲ್. ಹದೀಸು ಒಂದೇ, ವಿಧಾನವೂ ಒಂದೇ.

ಇಲ್ಲಿಗೆ ಬರುತ್ತಾರೆ ಕಾರ್ಡೋಬಾದ ಇಬ್ನ್ ಹಝ್ಮ್ (994–1064). ಮೊದಲು ಮಾಲಿಕಿ, ಆಮೇಲೆ ಶಾಫಿ, ಕೊನೆಗೆ ಝಾಹಿರಿ. ಒಳಗಿದ್ದು ನೋಡಿದವರ ಟೀಕೆ ಅದು. ಅವರ ವಾದದ ತಿರುಳು ಇಷ್ಟು: ಈ ಇಲ್ಲತ್ ದೇವರು ಹೇಳಿದ್ದಾ, ನೀವು ಊಹಿಸಿದ್ದಾ? ಹೇಳಿದ್ದಾದರೆ ತೋರಿಸಿ. ಊಹಿಸಿದ್ದಾದರೆ, ಊಹೆಯ ಮೇಲೆ ಜನರಿಗೆ ಹರಾಮ್ ಎನ್ನಲು ನಿಮಗೆ ಅಧಿಕಾರ ಕೊಟ್ಟವರು ಯಾರು? "ತಿನ್ನುವುದೆಲ್ಲ" ಅಥವಾ "ಅಳೆಯುವುದೆಲ್ಲ" ಎಂದು ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಹಾಗೆ ಹೇಳದೆ ಆರನ್ನು ಒಂದೊಂದಾಗಿ ಹೆಸರಿಸಿದ್ದಾರೆ. ಆದ್ದರಿಂದ ಆರೇ. ಉಳಿದದ್ದು ಮೊದಲಿನಂತೆ ಹಲಾಲ್. ಸಾಲದ ಬಡ್ಡಿ ಬೇರೆ ವಿಷಯ, ಅದು ಯಾವ ವಸ್ತುವಿನಲ್ಲೂ ಹರಾಮ್ ಎಂದು ಅವರೂ ಒಪ್ಪುತ್ತಾರೆ.

ಕಿಯಾಸಿನ ಕಡೆಯವರು ಪ್ರವಾದಿಯವರ ಸಂಗಾತಿ ಮುಆದ್ ಅವರ ಹದೀಸನ್ನು ಮುಂದಿಡುತ್ತಾರೆ. ಕುರ್‌ಆನ್‌ನಲ್ಲೂ ಪ್ರವಾದಿಯವರ ಮಾದರಿಯಾದ ಸುನ್ನತ್‌ನಲ್ಲೂ ಸಿಗದಿದ್ದರೆ ನನ್ನ ಬುದ್ಧಿ ಓಡಿಸಿ ತೀರ್ಪು ಕೊಡುತ್ತೇನೆ ಎಂದು ಅವರು ಹೇಳಿದಾಗ ಪ್ರವಾದಿಯವರು ಮೆಚ್ಚಿದರಂತೆ. ಇಬ್ನ್ ಹಝ್ಮ್ ಅದರ ವರದಿಗಾರರ ಸರಣಿಯನ್ನೇ ಹಿಡಿದರು. ನಡುವೆ "ಹಿಮ್ಸ್‌ನ ಕೆಲವರು" ಎಂದಷ್ಟೇ ಇದೆ. ಹೆಸರಿಲ್ಲದವರ ಮಾತಿನ ಮೇಲೆ ಇಡೀ ಕಿಯಾಸ್ ನಿಲ್ಲಿಸುತ್ತೀರಾ ಎಂದು ಕೇಳಿದರು. ಹದೀಸ್ ಶಾಸ್ತ್ರದ ನಿಯಮದ ಪ್ರಕಾರ ಇದು ನ್ಯಾಯವಾದ ಆಕ್ಷೇಪ.

ಅವರು ತರ್ಕದ ವಿರೋಧಿ ಅಂದುಕೊಳ್ಳಬೇಡಿ, ತರ್ಕಶಾಸ್ತ್ರದ ಮೇಲೆಯೇ ಪುಸ್ತಕ ಬರೆದವರು. ಖಮ್ರ್ ಅಂದರೆ ಮದ್ಯ. ಮತ್ತೇರಿಸುವುದೆಲ್ಲ ಖಮ್ರ್, ಖಮ್ರ್ ಎಲ್ಲವೂ ಹರಾಮ್ ಎಂದು ಹದೀಸಿದೆ. ಹಾಗಾಗಿ ಮತ್ತೇರಿಸುವುದೆಲ್ಲ ಹರಾಮ್. ಇದನ್ನು ಅವರು ಖುಷಿಯಿಂದ ಒಪ್ಪುತ್ತಾರೆ. ಇಲ್ಲಿ ಹೊಸದೇನೂ ಸೇರಿಲ್ಲ, ಮಾತಿನೊಳಗೇ ಇದ್ದದ್ದು ಹೊರಬಂದಿದೆ. ತಂದೆ ತಾಯಿಗೆ "ಛೀ" ಅನ್ನಬೇಡ ಎಂಬ ಆಯತ್ತಿನಿಂದ ಹೊಡೆಯುವುದು ಹರಾಮ್ ಎಂದು ಕಿಯಾಸ್ ಮಾಡಬೇಕಲ್ವಾ ಎಂದರೆ, ಯಾಕೆ ಬೇಕು, ಅದೇ ಆಯತ್ತಿನಲ್ಲಿ ಅವರೊಂದಿಗೆ ಒಳ್ಳೆಯದಾಗಿ ನಡೆದುಕೊಳ್ಳಿ ಎಂದಿದೆಯಲ್ಲ ಎನ್ನುತ್ತಾರೆ.

ಆದರೆ ಅವರ ದಾರಿ ಎಡವುವ ಜಾಗವೂ ಇದೆ, ಅದನ್ನು ಮುಚ್ಚಿಡಬಾರದು. ನಿಂತ ನೀರಿನಲ್ಲಿ ಮೂತ್ರ ಮಾಡಿ ಅದರಲ್ಲೇ ಸ್ನಾನ ಮಾಡಬೇಡಿ ಎಂಬ ಹದೀಸಿದೆ. ಇಬ್ನ್ ಹಝ್ಮ್ ಪ್ರಕಾರ ನಿಷೇಧ ಆ ಮನುಷ್ಯನಿಗೆ ಮಾತ್ರ. ನೀರಿನ ಬಣ್ಣ, ರುಚಿ, ವಾಸನೆ ಕೆಡದಿದ್ದರೆ ಇನ್ನೊಬ್ಬರು ಅದರಲ್ಲೇ ನಮಾಜಿಗೆ ಮುಂಚಿನ ಅಂಗಶುದ್ಧಿಯಾದ ವುದೂ ಮಾಡಬಹುದು. ಹೊರಗೆ ಮಾಡಿದ್ದು ಹರಿದು ನೀರಿಗೆ ಸೇರಿದರೆ ಅವನೂ ಮಾಡಬಹುದು! 13ನೇ ಶತಮಾನದ ಶಾಫಿ ವಿದ್ವಾಂಸ ನವವಿ ಇಂಥ ಮಾತನ್ನು ಅಕ್ಷರದ ಹಟದ ಅತಿ ಕೆಟ್ಟ ಮಾದರಿ ಎಂದು ಖಂಡಿಸಿದರು. ನವವಿಯವರ ಮಾತು ಸರಿ. ಇಲ್ಲಿ ಕಾರಣ ಕಣ್ಣಿಗೆ ಕಾಣುತ್ತದೆ, ಯಾರೂ ಊಹಿಸಬೇಕಿಲ್ಲ.

ಆದರೆ ನೀರಿನ ಈ ಒಂದು ಉದಾಹರಣೆ ತೋರಿಸಿ, ರಿಬಾದ ಪ್ರಶ್ನೆಯಿಂದ ಜಾರಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ನೀರಿನಲ್ಲಿ ಕಾರಣ ಸ್ಪಷ್ಟ. ಆರು ವಸ್ತುಗಳಲ್ಲಿ ಸ್ಪಷ್ಟ ಇಲ್ಲ. ಇದ್ದಿದ್ದರೆ ಅಷ್ಟು ದೊಡ್ಡ ಇಮಾಮರು ಬೇರೆ ಬೇರೆ ದಿಕ್ಕಿಗೆ ಹೋಗುತ್ತಿರಲಿಲ್ಲ.

ಇದು ಝಾಹಿರಿಗಳ ಹಟ ಮಾತ್ರ ಎನ್ನುವವರು ಬಾಗ್ದಾದಿನ ಇಬ್ನ್ ಅಕೀಲ್ ಅವರನ್ನು ನೋಡಬೇಕು. ಹಂಬಲಿ ಮದ್‌ಹಬ್‌ನ ದೊಡ್ಡ ವಿದ್ವಾಂಸರು, 1119ರಲ್ಲಿ ತೀರಿಕೊಂಡವರು. ಅವರು ಕಿಯಾಸನ್ನು ಒಪ್ಪಿದವರೇ. ಆದರೂ ಕೊನೆಗಾಲದ ಬರಹಗಳಲ್ಲಿ ರಿಬಾವನ್ನು ಆ ಆರಕ್ಕೇ ಸೀಮಿತಗೊಳಿಸಿದರು ಎಂದು ಅದೇ ಮದ್‌ಹಬ್‌ನ ಇಬ್ನ್ ಅಲ್ ಕಯ್ಯಿಮ್ ದಾಖಲಿಸಿದ್ದಾರೆ. ಕಿಯಾಸ್ ಮಾಡುವವರು ಇಲ್ಲಿ ಕೊಟ್ಟಿರುವ ಇಲ್ಲತ್‌ಗಳೆಲ್ಲ ದುರ್ಬಲ ಎಂಬುದೇ ಅವರು ಕೊಟ್ಟ ಕಾರಣ.