ಡಾಕ್ಟರ್ ಬರೆದ ಆ ಒಂದು ಸಾಲು

"ಬ್ಲಡ್ ಟೆಸ್ಟೇ ಮಾಡಿಲ್ಲ ಕಣೋ, ಇನ್ಶೂರೆನ್ಸ್‌ನವರು ಏನು ಮಾಡೋಕಾಗುತ್ತೆ?" ಅಂತ ನಮ್ಮ ಮಾವ ಧೈರ್ಯವಾಗಿದ್ದರು. ಅವರ ಮಗ ಪಾರ್ಟಿ ಮುಗಿಸಿ ಬರುವಾಗ ಕಾರನ್ನು ಡಿವೈಡರ್‌ಗೆ ಹತ್ತಿಸಿದ್ದ. ವೂಂಡ್ ಸರ್ಟಿಫಿಕೇಟ್ ತರಿಸಿ ನೋಡಿದೆ. ಹಣೆಗೆ ನಾಲ್ಕು ಹೊಲಿಗೆ, ಮೊಣಕೈ ತರಚು. ಅದರ ಕೆಳಗೇ ಡಾಕ್ಟರ್ ಕೈಬರಹದಲ್ಲಿ ಇನ್ನೊಂದು ಸಾಲು: ಬಾಯಲ್ಲಿ ಮದ್ಯದ ವಾಸನೆ. ಕ್ಲೇಮ್ ತಿರಸ್ಕಾರವಾಗಿದ್ದು ಆ ಸಾಲಿನಿಂದ.

100 ಎಂಎಲ್ ರಕ್ತದಲ್ಲಿ ಮದ್ಯದ ಅಂಶ 30 ಮಿಲಿಗ್ರಾಂ ದಾಟಬೇಕು ಅನ್ನೋದು ಪೊಲೀಸ್ ಕೇಸಿನ ಲೆಕ್ಕ, ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್. ಪಾಲಿಸಿಯಲ್ಲಿ ಆ ಸಂಖ್ಯೆಯೇ ಇಲ್ಲ. ಮದ್ಯದ ಅಮಲಿನಲ್ಲಿ ಓಡಿಸುವಾಗ ಆದ ಹಾನಿಗೆ ಹಣವಿಲ್ಲ ಅಂತಷ್ಟೇ ಇರುತ್ತದೆ.

2007ರ ಡಿಸೆಂಬರಿನಲ್ಲಿ ದೆಹಲಿಯ ಇಂಡಿಯಾ ಗೇಟ್ ಹತ್ತಿರ ಒಂದು ಪೋರ್ಷೆ ಕಾರು ಪಲ್ಟಿಯಾಗಿ ಪೂರ್ತಿ ಸುಟ್ಟುಹೋಯಿತು. ಅಲ್ಲೂ ರಕ್ತ, ಉಸಿರು ಯಾವ ಪರೀಕ್ಷೆಯೂ ಆಗಿರಲಿಲ್ಲ. ಇದ್ದದ್ದು ವೈದ್ಯಕೀಯ ವರದಿಯ ವಾಸನೆಯ ಸಾಲು. ಕಂಪನಿ ಹಣ ಕೊಡಲ್ಲ ಅಂದಾಗ ರಾಷ್ಟ್ರೀಯ ಗ್ರಾಹಕ ಆಯೋಗ ಕಾರಿನವರ ಪರ ನಿಂತಿತ್ತು. 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಅಗಲವಾದ ರಸ್ತೆ, ನಡುರಾತ್ರಿ, ಬೇರೆ ಕಾರಣವೇನೂ ಕಾಣಲಿಲ್ಲ. ಡ್ರೈವರ್ ಅಜಾಗರೂಕತೆಯ ತಪ್ಪನ್ನೂ ಒಪ್ಪಿಕೊಂಡಿದ್ದ. ಎಲ್ಲ ಸೇರಿಸಿ ನೋಡಿದರೆ ಅಮಲು ಸ್ಪಷ್ಟ ಅಂದಿತು ಕೋರ್ಟ್.

ಆದರೆ ಅದೇ ತೀರ್ಪಿನ ಇನ್ನೊಂದು ಮಾತನ್ನು ಕಂಪನಿಗಳು ಹೇಳೋದೇ ಇಲ್ಲ, ನನಗೆ ಸಿಟ್ಟು ಬರೋದು ಅಲ್ಲೇ. ವಾಸನೆ ಬಂದ ಮಾತ್ರಕ್ಕೆ ಅಮಲಲ್ಲ, ಅಮಲನ್ನು ಸಾಬೀತು ಮಾಡೋ ಹೊಣೆ ಕಂಪನಿಯದ್ದೇ. ಹಿಂದಿನಿಂದ ಲಾರಿ ಬಂದು ಗುದ್ದಿದ್ದರೂ ವಾಸನೆಯ ಸಾಲು ತೋರಿಸಿ ಪತ್ರ ಕಳಿಸಿದರೆ ಸುಮ್ನೆ ಒಪ್ಪಬೇಡಿ. ನೀವು ಕುಡಿದೇ ಇಲ್ಲ ಅಂದ್ರೆ ಆಸ್ಪತ್ರೆಯಲ್ಲೇ ರಕ್ತ ಪರೀಕ್ಷೆ ಮಾಡಿಸಿ ಅಂತ ಕೇಳಿ. ಕಂಪನಿ ಆಮೇಲೂ ಒಪ್ಪದಿದ್ದರೆ ಇಂಥ ದೂರು ಕೇಳೋ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು, ಅಲ್ಲಿ ಫೀಸಿಲ್ಲ.

ಅತಿವೇಗದ ಕಥೆ ಬೇರೆ. "ಅತಿವೇಗ ಮತ್ತು ಅಜಾಗರೂಕತೆ" ಅನ್ನೋ ಮಾತು ನಮ್ಮ ಎಫ್‌ಐಆರ್‌ಗಳಲ್ಲಿ ಮಾಮೂಲು. ಸಾಮಾನ್ಯ ಕಾರು ಪಾಲಿಸಿಯಲ್ಲಿ ರೇಸ್, ವೇಗ ಪರೀಕ್ಷೆಗೆ ಕವರ್ ಇಲ್ಲ, ನಿಜ. ಬರೀ ಜಾಸ್ತಿ ಸ್ಪೀಡ್ ಅಂತ ರಿಪೇರಿ ಹಣ ನಿಲ್ಲಿಸೋ ಷರತ್ತು ಅಲ್ಲಿಲ್ಲ. ಆದರೆ ಓಡಿಸಿದವರದ್ದೇ ಜೀವ ಹೋದರೆ ಲೆಕ್ಕ ಬದಲಾಗುತ್ತದೆ. ಅರಸೀಕೆರೆ ದಾರಿಯಲ್ಲಿ 2014ರಲ್ಲಿ ಕಾರು ಪಲ್ಟಿಯಾಗಿ ಓಡಿಸುತ್ತಿದ್ದವರು ತೀರಿಕೊಂಡರು. ಮನೆಯವರು 80 ಲಕ್ಷ ಕೇಳಿದ್ದರು. ತಪ್ಪು ಓಡಿಸಿದವರದ್ದೇ ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಕೂಡ ಪರಿಹಾರ ಕೊಡಲಿಲ್ಲ.

ಮಾವನ ಮಗ ಹೊಡೆದಿದ್ದು ಡಿವೈಡರ್‌ಗೆ. ಅಲ್ಲಿ ಯಾರಾದರೂ ನಿಂತಿದ್ದರೆ? ಕುಡಿದು ಓಡಿಸಿದ ಕೇಸಿನಲ್ಲಿ ಕಂಪನಿ ಮೊದಲು ಅವರಿಗೆ ಪರಿಹಾರ ಕೊಟ್ಟು, ಆಮೇಲೆ ಮಾಲೀಕರಿಂದ, ಓಡಿಸಿದವರಿಂದ ವಸೂಲಿ ಮಾಡಬೇಕು ಅಂತ 2023ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಕಾರಿನ ಆರ್‌ಸಿ ಇರೋದು ಮಾವನ ಹೆಸರಲ್ಲಿ.